ಪಠ್ಯಕ್ರಮದ ಅನುವಾದ: ಕ್ರೆಡಿಟ್ ವರ್ಗಾವಣೆಗೆ ಕಳಿಸುವ ಪ್ರತಿ ಹೇಗಿರಬೇಕು

ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಕನ್ನಡದಿಂದ ಇಂಗ್ಲಿಷಿಗೆ ತರುವ ಕೆಲಸ ಕೈಗೆ ಬಂದಾಗ ಮೊದಲು ತಿಳಿಯಬೇಕಾದದ್ದು, ಅದನ್ನು ಓದುವವರು ಏನು ಹುಡುಕುತ್ತಾರೆ ಎಂಬುದು. ಅರ್ಜಿದಾರರು ಈಗಾಗಲೇ ಓದಿದ ಕೋರ್ಸಿಗೆ ಹೊಸ ಸಂಸ್ಥೆಯಲ್ಲಿ ಕ್ರೆಡಿಟ್ ಕೊಡಬಹುದೇ ಎಂದು ನಿರ್ಧರಿಸುವ ಮೌಲ್ಯಮಾಪಕರು ಪಠ್ಯಕ್ರಮದಿಂದ ಪಾಠ ಕಲಿಯಲು ಹೊರಟವರಲ್ಲ. ಅವರ ಮುಂದೆ ಎರಡು ಹಾಳೆ ಇರುತ್ತವೆ: ಒಂದು ಅರ್ಜಿದಾರರು ಓದಿದ ಕೋರ್ಸಿನದು, ಇನ್ನೊಂದು ತಮ್ಮ ಸಂಸ್ಥೆಯ ಕೋರ್ಸಿನದು. ವಿಷಯ ಎಷ್ಟು ಹೊಂದುತ್ತದೆ, ಯಾವ ಮಟ್ಟದಲ್ಲಿ ಕಲಿಸಲಾಗಿದೆ, ಎಷ್ಟು ಗಂಟೆ ಪಾಠ ನಡೆದಿದೆ, ಪರೀಕ್ಷೆ ಹೇಗೆ ಆಗಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅವರು ತೀರ್ಮಾನ ಬರೆಯುತ್ತಾರೆ. ಒಂದಕ್ಕೆ ಉತ್ತರ ಮಸುಕಾಗಿದ್ದರೂ ಕೋರ್ಸ್ ‘ಸಾಮಾನ್ಯ ಐಚ್ಛಿಕ ಕ್ರೆಡಿಟ್’ ಎಂಬ ಖಾನೆಗೆ ಬೀಳಬಹುದು. ಆಗ ಕ್ರೆಡಿಟ್ ಸಿಕ್ಕಂತೆ ಕಂಡರೂ ವಿದ್ಯಾರ್ಥಿ ಅದೇ ವಿಷಯವನ್ನು ಮತ್ತೆ ಓದಬೇಕಾಗುತ್ತದೆ.

ಅನುವಾದಕರ ಕೆಲಸ ಆ ನಾಲ್ಕು ಉತ್ತರಗಳನ್ನು ಮೂಲದಲ್ಲಿ ಇದ್ದಷ್ಟು ಸ್ಪಷ್ಟವಾಗಿ ಕಾಣಿಸುವುದು. ಹೆಚ್ಚಿಸುವುದೂ ಅಲ್ಲ, ಇಳಿಸುವುದೂ ಅಲ್ಲ, ಮೌಲ್ಯಮಾಪಕರ ಪರವಾಗಿ ತೀರ್ಮಾನ ಮಾಡುವುದಂತೂ ಅಲ್ಲವೇ ಅಲ್ಲ.

## ಅನುವಾದಕ್ಕೆ ಕೂರುವ ಮೊದಲು

ಮೊದಲ ಕೆಲಸ ಸರಿಯಾದ ಪಠ್ಯಕ್ರಮ ಹಿಡಿಯುವುದು. ವಿಶ್ವವಿದ್ಯಾಲಯಗಳು ಕೆಲವು ವರ್ಷಗಳಿಗೊಮ್ಮೆ ಪಠ್ಯಕ್ರಮ ಪರಿಷ್ಕರಿಸುತ್ತವೆ. ಜಾಲತಾಣದಲ್ಲಿ ಸಿಗುವುದು ಸಾಮಾನ್ಯವಾಗಿ ಹೊಸದು, ಅರ್ಜಿದಾರರು ಓದಿದ್ದು ಹಳೆಯದು. ಪತ್ರಿಕೆಯ ಹೆಸರು ಎರಡರಲ್ಲೂ ಒಂದೇ ಇರಬಹುದು, ಒಳಗಿನ ಘಟಕಗಳು ಬೇರೆಯಾಗಿರುತ್ತವೆ. ಪದವಿ ಮುಗಿದ ವರ್ಷ ನೋಡಿ ಪಠ್ಯಕ್ರಮ ಆರಿಸಬೇಡಿ. ಪ್ರವೇಶ ಪಡೆದ ವರ್ಷ ನೋಡಿ, ಮುಖಪುಟದ ಮೇಲಿನ ‘ಶೈಕ್ಷಣಿಕ ವರ್ಷದಿಂದ ಜಾರಿಗೆ’ ಎಂಬ ಸಾಲಿನ ಜೊತೆ ತಾಳೆ ಮಾಡಿ. ಆಮೇಲೆ ಅಂಕಪಟ್ಟಿಯ ಪತ್ರಿಕೆ ಸಂಖ್ಯೆ, ಹೆಸರು, ಗರಿಷ್ಠ ಅಂಕ ಮೂರನ್ನೂ ಪಠ್ಯಕ್ರಮದ ಪುಟಕ್ಕೆ ಹೋಲಿಸಿ. ಅಂಕಪಟ್ಟಿಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕವಿದ್ದು, ಪಠ್ಯಕ್ರಮದಲ್ಲಿ 60 ಇದ್ದರೆ ಹೆಚ್ಚುಕಡಿಮೆ ಖಚಿತ: ಕೈಯಲ್ಲಿರುವುದು ಬೇರೆ ವರ್ಷದ ಪಠ್ಯಕ್ರಮ. ಅಲ್ಲಿಗೇ ನಿಲ್ಲಿಸಿ ಅರ್ಜಿದಾರರಿಗೆ ತಿಳಿಸಬೇಕು.

ಎರಡನೆಯದು, ವಿಶ್ವವಿದ್ಯಾಲಯವೇ ಹೊರತಂದ ಇಂಗ್ಲಿಷ್ ಪ್ರತಿ ಇದೆಯೇ ಎಂದು ವಿಚಾರಿಸುವುದು. ಇದ್ದರೆ ಅದೇ ಅಧಿಕೃತ, ಹೊಸ ಅನುವಾದ ಬೇಕಿಲ್ಲ. ಅರ್ಧ ಮಾತ್ರ ಇಂಗ್ಲಿಷಿನಲ್ಲಿದ್ದರೆ, ಅಂದರೆ ಶೀರ್ಷಿಕೆ ಎರಡೂ ಭಾಷೆಯಲ್ಲಿದ್ದು ಒಳಗಿನದು ಕನ್ನಡದಲ್ಲಿದ್ದರೆ, ಆ ಮುದ್ರಿತ ಇಂಗ್ಲಿಷ್ ಶೀರ್ಷಿಕೆಯನ್ನು ಅಕ್ಷರ ಬದಲಿಸದೆ ಬಳಸಬೇಕು. ನಿಮಗೆ ಅದು ಹಿಡಿಸದಿರಬಹುದು, ಆದರೆ ಅಂಕಪಟ್ಟಿಯಲ್ಲಿರುವುದು ಅದೇ.

ಮೂರನೆಯದು, ಯಾವ ಪುಟಗಳನ್ನು ಅನುವಾದಿಸಬೇಕು ಎಂಬುದು. ಇಡೀ ಪದವಿಯ ಪಠ್ಯಕ್ರಮ ನೂರಾರು ಪುಟ ಇರಬಹುದು, ವರ್ಗಾವಣೆಗೆ ಬೇಕಾದ ಪತ್ರಿಕೆಗಳು ಕೆಲವೇ ಇರಬಹುದು. ಆಯ್ದ ಪುಟಗಳನ್ನಷ್ಟೇ ಅನುವಾದಿಸುವುದು ತಪ್ಪಲ್ಲ, ಆದರೆ ‘ಇದು ಆಯ್ದ ಭಾಗ, ಮೂಲದ ಇಂತಿಂಥ ಪುಟಗಳು’ ಎಂದು ಮೊದಲ ಹಾಳೆಯಲ್ಲೇ ಬರೆಯಬೇಕು. ಜೊತೆಗೆ ಮುಖಪುಟ ಮತ್ತು ನಿಯಮಾವಳಿಯ ಪುಟಗಳನ್ನು ಬಿಡಬಾರದು. ಒಂದು ತರಗತಿ ಎಷ್ಟು ನಿಮಿಷ, ಸೆಮಿಸ್ಟರ್ ಎಷ್ಟು ವಾರ, ಒಂದು ಕ್ರೆಡಿಟ್ ಎಂದರೆ ಏನು, ಉತ್ತೀರ್ಣಕ್ಕೆ ಎಷ್ಟು ಅಂಕ ಎಂಬುದೆಲ್ಲ ಇರುವುದು ಅಲ್ಲಿಯೇ. ಪತ್ರಿಕೆಯ ಪುಟವಷ್ಟೇ ಹೋದರೆ ಅದರ ಮೇಲಿನ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ.

ಅನುವಾದ ಯಾರು ಮಾಡಬೇಕು, ದಾಖಲೆ ಯಾರ ಮೂಲಕ ತಲುಪಬೇಕು ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಕೆಲವು ಕಡೆ ಪ್ರಮಾಣಿತ ಅನುವಾದಕರೇ ಆಗಬೇಕು, ಕೆಲವು ಕಡೆ ಮೂಲ ಪ್ರತಿ ವಿಶ್ವವಿದ್ಯಾಲಯದಿಂದ ನೇರ ಬರಬೇಕು. ಅರ್ಜಿದಾರರು ಅಥವಾ ಅವರ ಮನೆಯವರು ಮಾಡಿದ ಅನುವಾದವನ್ನು ಒಪ್ಪದ ಕಡೆಗಳು ಹಲವು. ಆ ಸೂಚನೆಯನ್ನು ಬರಹದಲ್ಲಿ ತರಿಸಿಕೊಂಡು ಕೆಲಸ ಶುರು ಮಾಡಿ.

## ಒಂದು ಪುಟವನ್ನು ಹಿಡಿದು ನೋಡೋಣ

ಅರ್ಥಶಾಸ್ತ್ರ ಪದವಿಯ ಒಂದು ಪತ್ರಿಕೆ ಹೀಗಿದೆ ಎಂದುಕೊಳ್ಳಿ:

> ಐಚ್ಛಿಕ ಅರ್ಥಶಾಸ್ತ್ರ. ಪತ್ರಿಕೆ 3: ಸಾಂಖ್ಯಿಕ ವಿಧಾನಗಳು
> ವಾರಕ್ಕೆ 4 ಅವಧಿ, ಒಟ್ಟು 60 ಅವಧಿ. ಕ್ರೆಡಿಟ್ 4
> ಲಿಖಿತ ಪರೀಕ್ಷೆ 80, ಆಂತರಿಕ ಮೌಲ್ಯಮಾಪನ 20
> ಘಟಕ 1: ಸಂಖ್ಯಾಶಾಸ್ತ್ರದ ಅರ್ಥ, ದತ್ತಾಂಶ ಸಂಗ್ರಹಣೆ (8)
> ಘಟಕ 2: ಕೇಂದ್ರೀಯ ಪ್ರವೃತ್ತಿಯ ಅಳತೆಗಳು: ಸರಾಸರಿ, ಮಧ್ಯಾಂಕ, ರೂಢಿಬೆಲೆ, ಸರಳ ಲೆಕ್ಕಗಳು (14)
> ಘಟಕ 3: ಚದುರಿಕೆ, ಮಾನಕ ವಿಚಲನೆ, ಲೆಕ್ಕಗಳು (14)
> ಘಟಕ 4: ಸಹಸಂಬಂಧ ಮತ್ತು ಸೂಚ್ಯಂಕಗಳು (12)
> ಘಟಕ 5: ಸಂಭವನೀಯತೆ: ಸಂಕಲನ ಮತ್ತು ಗುಣಾಕಾರ ಪ್ರಮೇಯಗಳು (ಸಾಧನೆಯಿಲ್ಲದೆ) (12)

ಹತ್ತು ನಿಮಿಷದ ಕೆಲಸ ಎನಿಸುತ್ತದೆ. ಆದರೆ ಈ ಎಂಟು ಸಾಲಿನಲ್ಲಿ ಕ್ರೆಡಿಟ್ ಕೈತಪ್ಪಿಸಬಲ್ಲ ಜಾಗಗಳು ಆರಾದರೂ ಇವೆ.

ಐಚ್ಛಿಕ. ಮೂರು ಮುಖ್ಯ ವಿಷಯ ಆರಿಸಿಕೊಳ್ಳುವ ಪದವಿಯಲ್ಲಿ ‘ಐಚ್ಛಿಕ’ ಎಂದರೆ ವಿದ್ಯಾರ್ಥಿ ಆರಿಸಿಕೊಂಡ ಮುಖ್ಯ ವಿಷಯ; ಆರಿಸಿದ ಮೇಲೆ ಅದರ ಎಲ್ಲ ಪತ್ರಿಕೆಗಳೂ ಕಡ್ಡಾಯ. ಅದನ್ನು ‘ಎಲೆಕ್ಟಿವ್’ ಎಂದು ಬರೆದರೆ ಓದುವವರಿಗೆ ಬೇಕಾದರೆ ಓದು, ಬೇಡವಾದರೆ ಬಿಡು ಎನ್ನುವಂಥ ಕೋರ್ಸ್ ಕಾಣುತ್ತದೆ. ಅರ್ಥಶಾಸ್ತ್ರದ ಮುಖ್ಯ ಅಧ್ಯಯನಕ್ಕೆ ಸಿಗಬೇಕಾದ ಕ್ರೆಡಿಟ್ ಅಲ್ಲೇ ಜಾರುತ್ತದೆ. ‘ಆಪ್ಶನಲ್ ಸಬ್ಜೆಕ್ಟ್’ ಎಂದು ಬರೆದು, ಇದು ಪದವಿಯ ಮುಖ್ಯ ವಿಷಯಗಳಲ್ಲಿ ಒಂದು ಎಂದು ನಿಯಮಾವಳಿಯ ಕಲಮಿನ ಸಂಖ್ಯೆ ಸಹಿತ ಟಿಪ್ಪಣಿ ಕೊಡಿ. ಕಲಮಿನಲ್ಲಿ ಹಾಗೆ ಇಲ್ಲದಿದ್ದರೆ ಟಿಪ್ಪಣಿಯನ್ನೂ ಕೊಡಬೇಡಿ.

ಪತ್ರಿಕೆ. ನಮ್ಮಲ್ಲಿ ಪೇಪರ್ ಎಂದರೆ ಒಂದು ಕೋರ್ಸ್. ಉತ್ತರ ಅಮೆರಿಕದ ಓದುಗರಿಗೆ ಪೇಪರ್ ಎಂದರೆ ವಿದ್ಯಾರ್ಥಿ ಬರೆದುಕೊಡುವ ಪ್ರಬಂಧ. ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲೇ ಪೇಪರ್ ಎಂದು ಅಚ್ಚಾಗಿದ್ದರೆ ಅದನ್ನು ಉಳಿಸಿ, ಮೊದಲ ಬಾರಿ ಬಂದಲ್ಲಿ ‘ಇಲ್ಲಿ ಪೇಪರ್ ಎಂದರೆ ಪ್ರತ್ಯೇಕ ಪರೀಕ್ಷೆಯಿರುವ ಒಂದು ಕೋರ್ಸ್’ ಎಂದು ಟಿಪ್ಪಣಿ ಹಾಕಿ. ಅಂಕಪಟ್ಟಿ ಕನ್ನಡದಲ್ಲೇ ಇದ್ದರೆ ನೇರವಾಗಿ ‘ಕೋರ್ಸ್’ ಎಂದೇ ಬರೆಯಬಹುದು. ಆದರೆ ‘ಪ್ರಶ್ನೆಪತ್ರಿಕೆ’ ಎಂದು ಬಂದ ಕಡೆ ಅದೇ ಬದಲಾವಣೆ ನುಗ್ಗಿಸಬಾರದು. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ಪದ ಬದಲಿಸಿದಾಗ ಆಗುವ ಅನಾಹುತ ಇದು.

ಘಟಕ. ಇದು ಎಲ್ಲಕ್ಕಿಂತ ಅಪಾಯದ ಪದ. ‘ಐದು ಯೂನಿಟ್’ ಎಂದು ಬರೆದರೆ ಅಮೆರಿಕದ ಹಲವು ಕಾಲೇಜುಗಳಲ್ಲಿ ಐದು ಕ್ರೆಡಿಟ್ ಎಂದು ಓದುತ್ತಾರೆ. ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಯೂನಿಟ್ ಎಂದರೆ ಇಡೀ ಒಂದು ಕೋರ್ಸ್. ಹಾಗೆಂದು ‘ಮಾಡ್ಯೂಲ್’ ಎಂದರೆ ಬ್ರಿಟನ್ನಿನಲ್ಲಿ ಅದೂ ಒಂದು ಕೋರ್ಸೇ. ಪಠ್ಯದ ಭಾಗ ಎಂದು ಸ್ಪಷ್ಟವಾಗುವಂತೆ ‘ಸಿಲಬಸ್ ಯೂನಿಟ್ 1’ ಎಂದೋ ‘ಪಾರ್ಟ್ 1’ ಎಂದೋ ಬರೆದು, ಕಡತದ ಉದ್ದಕ್ಕೂ ಒಂದನ್ನೇ ಇಟ್ಟುಕೊಳ್ಳುವುದು ಸುರಕ್ಷಿತ. ಇಲ್ಲಿ ಕ್ರೆಡಿಟ್ 4, ಘಟಕ 5; ಎರಡೂ ಅಂಕಿ ಹತ್ತಿರ ಇರುವುದರಿಂದ ಗೊಂದಲ ಸುಲಭವಾಗಿ ಆಗುತ್ತದೆ, ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅವಧಿ. ಮೂಲದಲ್ಲಿ ಇರುವುದು ಗಂಟೆಯಲ್ಲ, ಅವಧಿ. ಅದನ್ನು ‘ಅವರ್ಸ್’ ಎಂದು ಬರೆದರೆ 60 ಗಂಟೆ ಆಗಿಬಿಡುತ್ತದೆ. ನಿಯಮಾವಳಿಯಲ್ಲಿ ಒಂದು ಅವಧಿ 45 ನಿಮಿಷ ಎಂದಿದ್ದರೆ ನಿಜವಾಗಿ ನಡೆದದ್ದು 2,700 ನಿಮಿಷ, ಅಂದರೆ 45 ಗಂಟೆ. ಕಾಲು ಭಾಗದ ವ್ಯತ್ಯಾಸ. ‘ಪೀರಿಯಡ್ಸ್’ ಎಂದೇ ಬರೆದು, ಅವಧಿಯ ಉದ್ದ ಹೇಳುವ ಕಲಮನ್ನು ಅನುವಾದಿಸಿ ಜೊತೆಗಿಡಿ. ನಿಯಮಾವಳಿಯಲ್ಲಿ ಉದ್ದ ಹೇಳಿಲ್ಲದಿದ್ದರೆ ಊಹಿಸಬೇಡಿ. ಅರ್ಜಿದಾರರು ಕುಲಸಚಿವರ ಕಚೇರಿಯಿಂದ ಅಥವಾ ವಿಭಾಗದಿಂದ ಒಂದು ಪತ್ರ ತಂದರೆ ಅದನ್ನು ಬೇರೆ ದಾಖಲೆಯಾಗಿ ಅನುವಾದಿಸಿ.

ರೂಢಿಬೆಲೆ, ಮಧ್ಯಾಂಕ, ಸಾಧನೆ. ಅರ್ಥಶಾಸ್ತ್ರದ ಪಠ್ಯಕ್ರಮ ಎಂಬ ಗುಂಗಿನಲ್ಲಿ ‘ರೂಢಿಬೆಲೆ’ಯನ್ನು ಯಾವುದೋ ಮಾರುಕಟ್ಟೆ ದರವಾಗಿ ಅನುವಾದಿಸಿಬಿಡುವ ಅಪಾಯವಿದೆ. ಅದು ಸಂಖ್ಯಾಶಾಸ್ತ್ರದ ‘ಮೋಡ್’. ಕೆಲವು ಪುಸ್ತಕಗಳಲ್ಲಿ ಇದೇ ‘ಬಹುಲಕ’. ಮಧ್ಯಾಂಕ ‘ಮೀಡಿಯನ್’, ‘ಮೀನ್’ ಅಲ್ಲ. ಐದನೇ ಘಟಕದ ‘ಸಾಧನೆ’ ಗಣಿತದ ‘ಪ್ರೂಫ್’. ‘ಸಾಧನೆಯಿಲ್ಲದೆ’ ಎಂಬ ಆವರಣದೊಳಗಿನ ಪದವನ್ನು ಚಿಕ್ಕದೆಂದು ಬಿಡುವವರಿದ್ದಾರೆ. ಪ್ರಮೇಯವನ್ನು ಹೇಳಿಕೊಟ್ಟು ಬಳಸಲು ಕಲಿಸಿದ್ದಾರೆ, ಸಾಧಿಸಿ ತೋರಿಸಿಲ್ಲ ಎಂದು ಮೌಲ್ಯಮಾಪಕರಿಗೆ ಕೋರ್ಸಿನ ಮಟ್ಟ ತಿಳಿಯುವುದು ಆ ಒಂದು ಪದದಿಂದ. ‘ಸರಳ ಲೆಕ್ಕಗಳು’, ‘ಸಿದ್ಧಾಂತ ಮಾತ್ರ’ ಎಂಬ ಸೇರ್ಪಡೆಗಳೂ ಹಾಗೆಯೇ. ಮೊದಲನೆಯದು ವಿದ್ಯಾರ್ಥಿ ಅಂಕಿಗಳ ಮೇಲೆ ಕೆಲಸ ಮಾಡಿದ್ದಾರೆ ಎನ್ನುತ್ತದೆ, ಎರಡನೆಯದು ಮಾಡಿಲ್ಲ ಎನ್ನುತ್ತದೆ. ನಾಲ್ಕನೇ ಘಟಕದಲ್ಲಿ ಎರಡೂ ಇಲ್ಲ, ಅನುವಾದದಲ್ಲೂ ಇರಬಾರದು.

ಇಲ್ಲದ್ದು. ಅಂತರರಾಷ್ಟ್ರೀಯವಾಗಿ ಹೋಲಿಸುವ ಪ್ರಾಥಮಿಕ ಸಂಖ್ಯಾಶಾಸ್ತ್ರದ ಕೋರ್ಸುಗಳಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆ ಸಾಮಾನ್ಯವಾಗಿ ಇರುತ್ತದೆ. ಈ ಪುಟದಲ್ಲಿ ಅದಿಲ್ಲ. ಅರ್ಜಿದಾರರು ‘ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದರು, ಸೇರಿಸಿಬಿಡಿ’ ಎಂದು ಕೇಳುವುದುಂಟು. ಸೇರಿಸಿದರೆ ಅದು ಅನುವಾದವಲ್ಲ, ದಾಖಲೆ ತಿದ್ದಿದಂತೆ. ಮೂಲ ಮತ್ತು ಅನುವಾದ ಎರಡೂ ಒಂದೇ ಕಡತದಲ್ಲಿ ಹೋಗುತ್ತವೆ, ಮೌಲ್ಯಮಾಪನ ಸಂಸ್ಥೆಗಳಲ್ಲಿ ಮೂಲ ಭಾಷೆ ಓದಬಲ್ಲವರು ಇರಬಹುದು. ಅನುಮಾನ ಬಂದರೆ ಆ ಒಂದು ಪತ್ರಿಕೆಯಷ್ಟೇ ಅಲ್ಲ, ಇಡೀ ಅರ್ಜಿ ನಿಲ್ಲುತ್ತದೆ. ಅದರ ಭಾರ ಹೊರುವುದು ಅರ್ಜಿದಾರರು; ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳುವುದು ಅನುವಾದಕರ ಹೊಣೆ.

## ಕ್ರೆಡಿಟ್ಟನ್ನು ಪರಿವರ್ತಿಸಬೇಡಿ

ಕ್ರೆಡಿಟ್ ಎಂಬ ಪದ ಎಲ್ಲ ಕಡೆ ಒಂದೇ, ಅದರ ಅಳತೆ ಬೇರೆ ಬೇರೆ. ಅಮೆರಿಕದ ಒಕ್ಕೂಟ ಸರ್ಕಾರದ ನಿಯಮದಲ್ಲಿ ಒಂದು ಸೆಮಿಸ್ಟರ್ ಕ್ರೆಡಿಟ್ ಎಂದರೆ ಸುಮಾರು 15 ವಾರ, ವಾರಕ್ಕೆ ಒಂದು ಗಂಟೆ ತರಗತಿ, ಜೊತೆಗೆ ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆಯ ಒಟ್ಟು ಕಲಿಕೆ; ಇದರಲ್ಲಿ ತರಗತಿ, ಮನೆ ಓದು, ಪರೀಕ್ಷೆಯ ತಯಾರಿ ಎಲ್ಲ ಸೇರಿರುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕ್ರೆಡಿಟ್ಟಿಗೆ 10 ಗಂಟೆ ಕಲಿಕೆ, ವರ್ಷಕ್ಕೆ 120 ಕ್ರೆಡಿಟ್. ಭಾರತದ ಆಯ್ಕೆ ಆಧಾರಿತ ಪದ್ಧತಿಯಲ್ಲಿ ವಾರಕ್ಕೆ ಒಂದು ಗಂಟೆ ಉಪನ್ಯಾಸ ಅಥವಾ ಎರಡು ಗಂಟೆ ಪ್ರಾಯೋಗಿಕ ತರಗತಿ ಸೆಮಿಸ್ಟರಿಗೆ ಒಂದು ಕ್ರೆಡಿಟ್.

ಹೀಗಾಗಿ ‘ಕ್ರೆಡಿಟ್ 4’ ಎಂಬುದು ಅನುವಾದದಲ್ಲೂ 4 ಆಗಿಯೇ ಇರಬೇಕು. ಅದನ್ನು ಯುರೋಪಿನ ಆರೋ ಎಂಟೋ ಆಗಿ ಲೆಕ್ಕ ಹಾಕಿ ಬರೆದರೆ ಮೌಲ್ಯಮಾಪಕರು ಅದರ ಮೇಲೆ ಮತ್ತೊಮ್ಮೆ ಪರಿವರ್ತನೆ ಮಾಡುತ್ತಾರೆ, ತಪ್ಪು ಇಮ್ಮಡಿಯಾಗುತ್ತದೆ. ಅಂಕ, ಶ್ರೇಣಿ, ದರ್ಜೆಗೂ ಇದೇ ನಿಯಮ. ‘ಪ್ರಥಮ ದರ್ಜೆ’ಯನ್ನು ‘ಎ ಗ್ರೇಡ್’ ಮಾಡಬೇಡಿ. ನಿಮ್ಮ ಕೈಲಿ ಮಾಡಬಹುದಾದ ಸಹಾಯ ಒಂದೇ: ಆ ಅಂಕಿಯ ಅರ್ಥ ಹೇಳುವ ನಿಯಮಾವಳಿಯ ಸಾಲನ್ನು ಹುಡುಕಿ ಅನುವಾದಿಸಿ ಪಕ್ಕಕ್ಕಿಡುವುದು.

ಹಳೆಯ ವಾರ್ಷಿಕ ಪದ್ಧತಿಯ ಪಠ್ಯಕ್ರಮದಲ್ಲಿ ಕ್ರೆಡಿಟ್ಟೇ ಇರುವುದಿಲ್ಲ, ವಾರದ ಗಂಟೆ ಮತ್ತು 100 ಅಂಕ ಮಾತ್ರ ಇರಬಹುದು. ಅಂಥಲ್ಲಿ ಕ್ರೆಡಿಟ್ ಕಾಲಮ್ಮನ್ನು ನೀವೇ ಸೃಷ್ಟಿಸಬೇಡಿ. ವಾರದ ಗಂಟೆಯನ್ನು ವಾರಗಳ ಸಂಖ್ಯೆಯಿಂದ ಗುಣಿಸಿ ಒಟ್ಟು ಬರೆಯುವ ಆಸೆಯನ್ನೂ ತಡೆಯಿರಿ. ಆ ಗುಣಾಕಾರ ಮೌಲ್ಯಮಾಪಕರದು.

## ಪುಟದ ರೂಪ, ಟಿಪ್ಪಣಿ, ಪುಸ್ತಕಪಟ್ಟಿ

ಅನುವಾದದ ಪುಟ ಮೂಲದ ಪುಟದಂತೆಯೇ ಕಾಣಬೇಕು. ಕೋಷ್ಟಕವಿದ್ದಲ್ಲಿ ಕೋಷ್ಟಕ, ಅದೇ ಕ್ರಮ, ಅದೇ ಪುಟಸಂಖ್ಯೆ. ಒಂದು ಕಣ್ಣು ಮೂಲದ ಮೇಲೆ, ಇನ್ನೊಂದು ಅನುವಾದದ ಮೇಲೆ ಇಟ್ಟು ಸಾಲು ಸಾಲು ಹೋಲಿಸಲು ಬರುವಂತಿದ್ದರೆ ನಂಬಿಕೆ ತಾನೇ ಹುಟ್ಟುತ್ತದೆ. ಮುದ್ರೆ, ಸಹಿ, ಕೈಬರಹದ ತಿದ್ದುಪಡಿಗಳನ್ನು ಚೌಕಾವರಣದಲ್ಲಿ ವಿವರಿಸಿ: ದುಂಡು ಮುದ್ರೆ, ಅದರೊಳಗಿನ ಬರಹ, ಓದಲಾಗದ ಸಹಿ. ನಿಮ್ಮ ಟಿಪ್ಪಣಿಗಳೆಲ್ಲ ಚೌಕಾವರಣದಲ್ಲೇ ಇರಲಿ, ಮೂಲದ ಆವರಣಗಳು ದುಂಡಾಗಿಯೇ ಉಳಿಯಲಿ. ಹೀಗಿದ್ದರೆ ಯಾವುದು ವಿಶ್ವವಿದ್ಯಾಲಯದ ಮಾತು, ಯಾವುದು ಅನುವಾದಕರ ಮಾತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಟಿಪ್ಪಣಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೇಲಿನ ಪುಟಕ್ಕೆ ಐಚ್ಛಿಕ, ಪತ್ರಿಕೆ, ಘಟಕ ಮೂರಕ್ಕೆ ಒಂದೊಂದು ಸಾಲು ಸಾಕು.

ಪುಸ್ತಕಪಟ್ಟಿಯನ್ನು ಬಹಳ ಜನ ಅವಸರದಲ್ಲಿ ಮುಗಿಸುತ್ತಾರೆ. ಕೋರ್ಸಿನ ಮಟ್ಟ ಅಳೆಯಲು ಮೌಲ್ಯಮಾಪಕರು ಅದನ್ನು ಗಮನವಿಟ್ಟು ನೋಡುವುದುಂಟು. ಕನ್ನಡ ಪುಸ್ತಕದ ಹೆಸರನ್ನು ಮೊದಲು ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದು, ಪಕ್ಕದಲ್ಲಿ ಚೌಕಾವರಣದೊಳಗೆ ಅರ್ಥ ಕೊಡಿ. ಅರ್ಥವನ್ನಷ್ಟೇ ಕೊಟ್ಟರೆ ಆ ಹೆಸರಿನ ಇಂಗ್ಲಿಷ್ ಪುಸ್ತಕವೇ ಇದೆ ಎಂದು ಭಾವಿಸಿ ಹುಡುಕುತ್ತಾರೆ, ಸಿಗುವುದಿಲ್ಲ, ಅನುಮಾನ ಶುರುವಾಗುತ್ತದೆ. ಕನ್ನಡದಲ್ಲಿ ಬರೆದಿರುವ ಇಂಗ್ಲಿಷ್ ಪುಸ್ತಕದ ಹೆಸರಾದರೆ ಅದರ ನಿಜವಾದ ಕಾಗುಣಿತವನ್ನೇ ಹುಡುಕಿ ಹಾಕಿ. ಲೇಖಕರ ಹೆಸರೂ ಅವರು ತಾವೇ ಬಳಸುವ ಕಾಗುಣಿತದಲ್ಲಿರಲಿ. ‘ಪಠ್ಯಪುಸ್ತಕ’ ಮತ್ತು ‘ಆಕರ ಗ್ರಂಥಗಳು’ ಬೇರೆ ಬೇರೆ ತಲೆಬರಹದಡಿ ಇದ್ದರೆ ಅವನ್ನು ಒಂದೇ ಪಟ್ಟಿಗೆ ಸೇರಿಸಬೇಡಿ. ಮೊದಲನೆಯದು ಓದಲೇಬೇಕಾದದ್ದು, ಎರಡನೆಯದು ಹೆಚ್ಚಿನ ಓದಿಗೆ.

## ಕೊನೆಯ ತಪಾಸಣೆ ಮತ್ತು ಪ್ರಮಾಣಪತ್ರ

ಭಾಷೆಯನ್ನು ಓದುವ ಮೊದಲು ಅಂಕಿಗಳನ್ನಷ್ಟೇ ಒಮ್ಮೆ ಓದಿ. ಘಟಕಗಳ ಅವಧಿ ಕೂಡಿಸಿ: 8, 14, 14, 12, 12, ಮೊತ್ತ 60, ಮೇಲಿನ ಸಾಲಿಗೆ ಹೊಂದಿತು. 80ಕ್ಕೆ 20 ಸೇರಿ 100, ಅಂಕಪಟ್ಟಿಯ ಗರಿಷ್ಠ ಅಂಕಕ್ಕೆ ಹೊಂದಿತು. ಮೊತ್ತ 58 ಬಂದರೆ ಮೊದಲು ನಿಮ್ಮ ಟೈಪಿಂಗ್ ನೋಡಿ. ಮೂಲದಲ್ಲೇ ಹಾಗಿದ್ದರೆ ತಿದ್ದಬೇಡಿ; ‘ಮೂಲದಲ್ಲಿ ಹೀಗೆಯೇ ಇದೆ’ ಎಂದು ಚೌಕಾವರಣದಲ್ಲಿ ಬರೆಯಿರಿ. ಕನ್ನಡ ಅಂಕಿಗಳಲ್ಲಿ ಅಚ್ಚಾದ ಪುಟಗಳಲ್ಲಿ ೬ ಮತ್ತು ೯, ೧ ಮತ್ತು ೦ ಅದಲುಬದಲಾಗುವುದು ಸಾಮಾನ್ಯ, ಅದರಲ್ಲೂ ನೆರಳಚ್ಚು ಪ್ರತಿ ಮಸುಕಾಗಿದ್ದರೆ.

ಆಮೇಲೆ ಹೆಸರುಗಳ ಸುತ್ತು. ಅಂಕಪಟ್ಟಿಯ ಅನುವಾದ, ಪಠ್ಯಕ್ರಮದ ಅನುವಾದ, ಪದವಿ ಪ್ರಮಾಣಪತ್ರ ಮೂರರಲ್ಲೂ ಪತ್ರಿಕೆಯ ಹೆಸರು, ಪದವಿಯ ಹೆಸರು, ವಿಶ್ವವಿದ್ಯಾಲಯದ ಹೆಸರು ಒಂದೇ ಇರಬೇಕು. ಒಂದು ಕಡೆ ‘ಸ್ಟಾಟಿಸ್ಟಿಕಲ್ ಮೆಥಡ್ಸ್’, ಇನ್ನೊಂದು ಕಡೆ ‘ಕ್ವಾಂಟಿಟೇಟಿವ್ ಟೆಕ್ನಿಕ್ಸ್’ ಎಂದಿದ್ದರೆ ಎರಡು ಕೋರ್ಸ್ ಎಂದೇ ಓದುತ್ತಾರೆ. ಅಂಕಪಟ್ಟಿಯನ್ನು ಬೇರೆಯವರು ಈಗಾಗಲೇ ಅನುವಾದಿಸಿದ್ದರೆ ಆ ಪ್ರತಿ ತರಿಸಿಕೊಳ್ಳದೆ ಪಠ್ಯಕ್ರಮ ಮುಗಿಸಬೇಡಿ. ಅವರ ಶೀರ್ಷಿಕೆ ತಪ್ಪಾಗಿದ್ದರೆ ನಿಮ್ಮ ಪ್ರತಿಯಲ್ಲಿ ಸರಿಯಾದದ್ದನ್ನು ಬರೆದು, ಅಂಕಪಟ್ಟಿಯ ಅನುವಾದದಲ್ಲಿ ಬೇರೆ ಹೆಸರಿದೆ, ಕೋರ್ಸ್ ಸಂಖ್ಯೆ ಒಂದೇ ಎಂದು ಟಿಪ್ಪಣಿಯಲ್ಲಿ ಹೇಳಿ.

ಪ್ರಮಾಣಪತ್ರ ಒಂದೇ ಪ್ಯಾರಾ ಸಾಕು: ಎರಡೂ ಭಾಷೆಗಳಲ್ಲಿ ಅನುವಾದ ಮಾಡುವ ಸಾಮರ್ಥ್ಯ ನನಗಿದೆ, ಲಗತ್ತಿಸಿದ ಅನುವಾದ ಪೂರ್ಣ ಮತ್ತು ನಿಖರ ಎಂಬ ಹೇಳಿಕೆ, ಕೆಳಗೆ ಹೆಸರು, ಸಹಿ, ವಿಳಾಸ, ದಿನಾಂಕ. ಯಾವ ದಾಖಲೆ, ಎಷ್ಟು ಪುಟ, ಯಾವ ವರ್ಷದ ಪಠ್ಯಕ್ರಮ ಎಂಬುದು ಅದರಲ್ಲೇ ಬರಬೇಕು. ಆಯ್ದ ಭಾಗವಾದರೆ ‘ಪೂರ್ಣ’ ಎಂಬ ಪದ ಆ ಪುಟಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಬಿಡಿಸಿ ಬರೆಯಿರಿ. ನೋಟರಿಯ ಮುದ್ರೆ ದೃಢಪಡಿಸುವುದು ಸಹಿಯನ್ನು, ಅನುವಾದದ ಗುಣವನ್ನಲ್ಲ. ಸಂಸ್ಥೆ ಕೇಳಿದ್ದರೆ ಮಾತ್ರ ಹಾಕಿಸಿ. ಪ್ರತಿ ಹಾಳೆಯ ಮೇಲೂ ಚಿಕ್ಕ ಸಹಿ ಮತ್ತು ‘ಒಟ್ಟು 14ರಲ್ಲಿ ಪುಟ 3’ ಎಂಬಂಥ ಸಂಖ್ಯೆ ಇರಲಿ. ಮೂಲದ ಪ್ರತಿ ಮೊದಲು, ಅನುವಾದ ನಂತರ, ಪ್ರಮಾಣಪತ್ರ ಕೊನೆಗೆ ಬರುವಂತೆ ಒಂದೇ ಪಿಡಿಎಫ್ ಕಡತ ಮಾಡಿ, ಕೋರ್ಸ್ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ಆ ಕಡತದ ಒಂದು ಪ್ರತಿಯನ್ನು ಪದಪಟ್ಟಿಯ ಸಹಿತ ನಿಮ್ಮ ಬಳಿ ಇಟ್ಟುಕೊಳ್ಳಿ. ಮೌಲ್ಯಮಾಪಕರು ತಿಂಗಳ ನಂತರ ಇನ್ನೆರಡು ಪತ್ರಿಕೆಗಳ ವಿವರ ಕೇಳಿದಾಗ ‘ಘಟಕ’ಕ್ಕೆ ಮೊದಲು ಯಾವ ಪದ ಬಳಸಿದ್ದಿರಿ ಎಂಬುದು ಅದರಲ್ಲೇ ಸಿಗುತ್ತದೆ.